ತಿಂಗಳ ಕಂತು ಬಿಟ್ಟು ವ್ಯಾಲ್ಯೂ ಆವರೇಜಿಂಗ್‌ಗೆ ಹೋಗೋದು ಲಾಭವಾ? ನನ್ನ ಲೆಕ್ಕ ನೋಡಿ ಹೇಳಿ

ಅಂಕಿಗೀಳು:
ಪ್ರತಿ ತಿಂಗಳು ಒಂದೇ ಮೊತ್ತ ಇಂಡೆಕ್ಸ್ ಫಂಡ್‌ಗೆ ಹೋಗೋ ಹಾಗೆ ಮಾಡಿಟ್ಟಿದ್ದೀನಿ. ಈಗ ವ್ಯಾಲ್ಯೂ ಆವರೇಜಿಂಗ್ ತಲೆ ತಿಂತಾ ಇದೆ. ಅದರಲ್ಲಿ "ಎಷ್ಟು ಹಾಕಬೇಕು" ಅನ್ನೋದನ್ನ ಮೊದಲೇ ಗೊತ್ತು ಮಾಡಲ್ಲ, "ಈ ತಿಂಗಳ ಕೊನೆಗೆ ಹೂಡಿಕೆಯ ಮೌಲ್ಯ ಎಷ್ಟಿರಬೇಕು" ಅನ್ನೋದನ್ನ ಗೊತ್ತು ಮಾಡ್ತಾರೆ. ಕಮ್ಮಿ ಬಿದ್ದಷ್ಟು ತುಂಬಿಸೋದು. ಮಾರ್ಕೆಟ್ ಬಿದ್ದಿದ್ರೆ ಜಾಸ್ತಿ ಹಾಕ್ತೀವಿ, ಏರಿದ್ರೆ ಕಮ್ಮಿ, ತುಂಬಾ ಏರಿದ್ರೆ ಮಾರೋದೂ ಉಂಟು.

ನಾಲ್ಕು ತಿಂಗಳ ಲೆಕ್ಕ ಕೈಯಲ್ಲೇ ಹಾಕಿದೆ. ಯೂನಿಟ್ ಬೆಲೆ 10, 8, 10, 12.50 ಅಂತ ಇಟ್ಕೊಳ್ಳಿ. ಮೌಲ್ಯದ ಗುರಿ ತಿಂಗಳಿಗೆ 1000ದಂತೆ ಏರಬೇಕು. ಮೊದಲ ತಿಂಗಳು 1000 ಹಾಕಿದೆ, 100 ಯೂನಿಟ್ ಬಂತು. ಎರಡನೇ ತಿಂಗಳು ಬೆಲೆ 8 ಆದಾಗ ಕೈಯಲ್ಲಿರೋದು 800, ಗುರಿ 2000, ಹಾಗಾಗಿ 1200 ಹಾಕಬೇಕು. ಮೂರನೇ ತಿಂಗಳು 500 ಸಾಕಾಯ್ತು, ನಾಲ್ಕನೆಯದಕ್ಕೆ ಬರೀ 250. ಒಟ್ಟು ಹಾಕಿದ್ದು 2950, ಮೌಲ್ಯ 4000. ಸರಾಸರಿ ಖರೀದಿ ಬೆಲೆ 9.22.

ಇದೇ ನಾಲ್ಕು ತಿಂಗಳು ಕಣ್ಣು ಮುಚ್ಚಿ 1000 ಹಾಕಿದ್ರೆ ಸರಾಸರಿ ಬೆಲೆ 9.88. ಹಾಕಿದ ಹಣದ ಮೇಲೆ ಲಾಭ ಶೇ 26.6. ವ್ಯಾಲ್ಯೂ ಆವರೇಜಿಂಗ್‌ನಲ್ಲಿ ಶೇ 35.6! ಇಷ್ಟು ಸಲೀಸಾಗಿದ್ರೆ ಎಲ್ಲರೂ ಯಾಕೆ ಮಾಡ್ತಿಲ್ಲ?

ಗಟ್ಟಿಹೆಜ್ಜೆ:
ಸೋಮಾರಿತನ, ಬೇರೇನಿಲ್ಲ. ತಿಂಗಳ ಕಂತು ತಾನಾಗೇ ಕಟ್ ಆಗುತ್ತೆ, ಇದಕ್ಕೆ ಪ್ರತಿ ಸಲ ಕೂತು ಲೆಕ್ಕ ಹಾಕಬೇಕು. ಕಡಿಮೆ ಬೆಲೆಗೆ ಹೆಚ್ಚು ಯೂನಿಟ್, ಹೆಚ್ಚು ಬೆಲೆಗೆ ಕಡಿಮೆ ಯೂನಿಟ್, ಸರಾಸರಿ ಇಳಿಯಲೇಬೇಕು. ಹಾರ್ವರ್ಡ್‌ನಲ್ಲಿ ಪಾಠ ಮಾಡ್ತಿದ್ದ ಮೈಕೆಲ್ ಎಡ್ಲ್‌ಸನ್ 1988ರಲ್ಲೇ ಇದನ್ನ ಮುಂದಿಟ್ಟಿದ್ದು. ಲೆಕ್ಕದಲ್ಲಿ ಸಾಬೀತಾಗಿರೋ ವಿಷಯಕ್ಕೆ ಚರ್ಚೆ ಯಾಕೆ?

ಹುಣಸೆಕೊಂಬೆ:
ನಾನೂ ಇದನ್ನೇ ಮಾಡೋದು. ಪಿಇ ಕಮ್ಮಿ ಇರೋ, ಪುಸ್ತಕ ಮೌಲ್ಯಕ್ಕಿಂತ ಕೆಳಗೆ ಸಿಗೋ ಕಂಪನಿ ಶೇರು ಹುಡುಕಿ ತಗೋತೀನಿ. ತಾಳ್ಮೆ ಬೇಕು ಅಷ್ಟೇ.

ಮೂಲೆಮನೆ:
@ಹುಣಸೆಕೊಂಬೆ ಅದು ವ್ಯಾಲ್ಯೂ ಇನ್ವೆಸ್ಟಿಂಗ್ ಗುರುಗಳೇ. ಇಲ್ಲಿ ಮಾತಾಡ್ತಿರೋದು ಬೇರೆ.

ಕೂಡುಕಳೆ:
ಅಂಕಿಗೀಳು ಅವರೇ, ನಿಮ್ಮ ಕೂಡೋದು ಕಳೆಯೋದು ಎಲ್ಲಾ ಸರಿ ಇದೆ. ಆದ್ರೆ ಶೇಕಡಾವಾರು ಬಿಟ್ಟು ಲಾಭ ಎಷ್ಟು ಬಂತು ಅಂತ ಬರೀರಿ. ವ್ಯಾಲ್ಯೂ ಆವರೇಜಿಂಗ್‌ನಲ್ಲಿ 4000ದಿಂದ 2950 ಕಳೆದ್ರೆ 1050. ತಿಂಗಳ ಕಂತಿನಲ್ಲಿ 405 ಯೂನಿಟ್ ಆಗಿರುತ್ತೆ, 12.50ರಂತೆ 5062.50, ಅದರಲ್ಲಿ 4000 ಕಳೆದ್ರೆ 1062.50.

ಅಂದ್ರೆ ಸರಾಸರಿ ಬೆಲೆ ಕಡಿಮೆ ಇದ್ದೋರ ಜೇಬಿಗೆ ಬಂದಿದ್ದು ಕಡಿಮೆ. ಇಬ್ಬರ ಹತ್ರಾನೂ ಶುರುವಿಗೆ 4000 ಇತ್ತು ಅಂದ್ಕೊಳ್ಳಿ. ನಾಲ್ಕನೇ ತಿಂಗಳ ಕೊನೆಗೆ ಒಬ್ಬರ ಹತ್ರ 5062.50, ಇನ್ನೊಬ್ಬರ ಹತ್ರ ಫಂಡಿನಲ್ಲಿ 4000 ಜೊತೆಗೆ ಹಾಕದೇ ಉಳಿದ 1050, ಒಟ್ಟು 5050. ಶೇ 35.6 ಬಂದಿದ್ದು ಲಾಭ ಹೆಚ್ಚಾಗಿ ಅಲ್ಲ, ಭಾಗಿಸೋ ಸಂಖ್ಯೆ ಚಿಕ್ಕದಾಗಿ.

ಅಂಕಿಗೀಳು:
ಅಯ್ಯೋ, ಹೌದಲ್ಲ! ಆದ್ರೂ ಆ 1050 ನನ್ನ ಕೈಯಲ್ಲೇ ಉಳಿದಿದೆ ತಾನೇ? ಅದನ್ನ ಬೇರೆ ಕಡೆ ದುಡಿಸಬಹುದು. ಹನ್ನೆರಡೂವರೆಯ ವ್ಯತ್ಯಾಸ ಒಂದು ವ್ಯತ್ಯಾಸನಾ?

ಕೂಡುಕಳೆ:
ಮೊತ್ತ ಚಿಕ್ಕದೇ. ಆದ್ರೆ ಅದು ಯಾವಾಗ ಹುಟ್ಟಿತು ನೋಡಿ. ಮೂರನೇ ತಿಂಗಳು ಬೆಲೆ 10ಕ್ಕೆ ವಾಪಸ್ ಬಂದಾಗ ನಿಮ್ಮ ವಿಧಾನದ ಲಾಭ 300, ಕಂತಿನದು 250. ಆಗ ನೀವೇ ಮುಂದೆ. ಅಲ್ಲಿಂದ ಬೆಲೆ ಏರ್ತಾ ಹೋದಾಗ ಕಂತಿನವರ ಹತ್ರ 325 ಯೂನಿಟ್ ಇತ್ತು, ನಿಮ್ಮ ಹತ್ರ 300. ಗಳಿಸಿದ 50 ಹೋಗಿ ಮೇಲೆ ಹನ್ನೆರಡೂವರೆ ಕಳೆದುಕೊಂಡ್ರಿ. ಬಿದ್ದು ಎದ್ದ ಮಾರ್ಕೆಟ್‌ನಲ್ಲಿ ಗೆಲ್ಲುತ್ತೆ, ಒಂದೇ ದಿಕ್ಕಿಗೆ ಓಡೋ ಮಾರ್ಕೆಟ್‌ನಲ್ಲಿ ಸೋಲುತ್ತೆ.

ಗಟ್ಟಿಹೆಜ್ಜೆ:
ನಾಲ್ಕು ತಿಂಗಳ ಉದಾಹರಣೆ ಇಟ್ಕೊಂಡು ತೀರ್ಪು ಕೊಡೋದು ಸರಿಯಲ್ಲ ಸಾರ್. ಯಾವ ದೇಶದ ಹಳೇ ಅಂಕಿ ತಗೊಂಡು ಓಡಿಸಿದ್ರೂ ಸಾಮಾನ್ಯವಾಗಿ `XIRR` ವ್ಯಾಲ್ಯೂ ಆವರೇಜಿಂಗ್‌ನಲ್ಲೇ ಜಾಸ್ತಿ ಬರೋದು. ನಾನೇ ಓಡಿಸಿ ನೋಡಿದ್ದೀನಿ. ಯಾವ ತಾರೀಖು ಎಷ್ಟು ಹಾಕಿದ್ರಿ ಅನ್ನೋದನ್ನ ಲೆಕ್ಕಕ್ಕೆ ತಗೊಳ್ಳೋ ಸೂತ್ರ ಅದು, ಬರೀ ಭಾಗಾಕಾರ ಅಲ್ಲ.

ಕೂಡುಕಳೆ:
ಜಾಸ್ತಿ ಬರೋದು ನಿಜ, ಅದನ್ನ ಅಲ್ಲಗಳೆಯಲ್ಲ. ಅದು ಜಾಸ್ತಿ ಹಣಾನಾ ಅನ್ನೋದೇ ಪ್ರಶ್ನೆ. ಲಂಡನ್ನಿನಲ್ಲಿ ಆಗ ಕ್ಯಾಸ್ ಅಂತ ಹೆಸರಿದ್ದ ಬಿಸಿನೆಸ್ ಸ್ಕೂಲ್‌ನ ಸೈಮನ್ ಹೇಲಿ ಹಿಡಿದದ್ದು ಇದೇ ಎಳೆಯನ್ನ. ದೊಡ್ಡ ಅಂಕಿ ಬೇಡ, ಎರಡೇ ತಿಂಗಳಲ್ಲಿ ತೋರಿಸ್ತೀನಿ. ಪೆನ್ನು ತಗೊಳ್ಳಿ.

ಬೆಲೆ ನಾಣ್ಯ ಚಿಮ್ಮಿದ ಹಾಗೆ ತಿಂಗಳಿಗೆ ಶೇ 20 ಏರುತ್ತೆ ಇಲ್ಲ ಶೇ 20 ಬೀಳುತ್ತೆ, ಎರಡಕ್ಕೂ ಸಮ ಅವಕಾಶ. ಇಂಥ ಆಟದಲ್ಲಿ ಯಾವ ವಿಧಾನಕ್ಕೂ ಸರಾಸರಿಯಲ್ಲಿ ಲಾಭ ಬರೋ ಹಾಗೇ ಇಲ್ಲ. ಕಂತಿನವರು ಎರಡು ಸಲ 1000 ಹಾಕ್ತಾರೆ. ನೀವು ಮೊದಲು 1000, ಆಮೇಲೆ ಗುರಿ 2000 ಮುಟ್ಟೋಕೆ ಬೇಕಾದಷ್ಟು. ಏರಿದ್ರೆ 800, ಬಿದ್ದಿದ್ರೆ 1200.

ಏರಿ ಏರಿದ್ರೆ ನಿಮ್ಮ ಲಾಭ 600, ಕಂತಿನದು 640. ಬಿದ್ದು ಬಿದ್ರೆ ನಿಮ್ಮ ನಷ್ಟ 600, ಕಂತಿನದು 560. ಏರಿ ಬಿದ್ರೆ ನಿಮಗೆ 200 ನಷ್ಟ, ಅವರಿಗೆ 240. ಬಿದ್ದು ಏರಿದ್ರೆ ನಿಮಗೆ 200 ಲಾಭ, ಅವರಿಗೆ 160. ಎರಡು ಕಡೆ ನೀವು 40 ಮುಂದೆ, ಎರಡು ಕಡೆ 40 ಹಿಂದೆ. ನಾಲ್ಕನ್ನೂ ಕೂಡಿದ್ರೆ ಇಬ್ಬರಿಗೂ ಸೊನ್ನೆ.

ಈಗ ಇದಕ್ಕೇ ತಿಂಗಳ ಪ್ರತಿಫಲದ ದರ ಹಾಕಿ. ಏರಿ ಏರಿದಾಗ ಇಬ್ಬರಿಗೂ ಶೇ 20, ಬಿದ್ದು ಬಿದ್ದಾಗ ಇಬ್ಬರಿಗೂ ಮೈನಸ್ 20. ನೀವು ಕಳಕೊಂಡ ಆ ನಲವತ್ತು ಎಲ್ಲೂ ಕಾಣಲ್ಲ! ಏರಿ ಬಿದ್ದಾಗ ನಿಮಗೆ ಮೈನಸ್ 7.3, ಅವರಿಗೆ ಮೈನಸ್ 8.2. ಬಿದ್ದು ಏರಿದಾಗ ನಿಮಗೆ 6.1, ಅವರಿಗೆ 5.2. ನೀವು ಗೆದ್ದ ಕಡೆ ಮಾತ್ರ ಸೂತ್ರ ಅಂಕ ಕೊಡುತ್ತೆ, ಸೋತ ಕಡೆ ಕಣ್ಣು ಮುಚ್ಚುತ್ತೆ. ಹಳೇ ಅಂಕಿ ಓಡಿಸಿದಾಗ ನಿಮಗೆ ಕಂಡ ಹೆಚ್ಚುವರಿಯಲ್ಲಿ ಒಂದು ಪಾಲು ಇಲ್ಲಿಂದ ಬಂದಿರುತ್ತೆ.

ಮೂಲೆಮನೆ:
ಇದನ್ನ ಎರಡು ಸಲ ಓದಿ, ಕಾಗದದಲ್ಲಿ ಬಿಡಿಸಿ ನೋಡಿದೆ. ಸರಿ ಇದೆ 👏

ಗಟ್ಟಿಹೆಜ್ಜೆ:
ಲೆಕ್ಕ ಒಪ್ಪಿದೆ. ಆದ್ರೆ ಮಾರ್ಕೆಟ್ ನಾಣ್ಯ ಅಲ್ಲವಲ್ಲ? ತುಂಬಾ ಬಿದ್ದಿದ್ದು ಏಳುತ್ತೆ, ತುಂಬಾ ಏರಿದ್ದು ಇಳಿಯುತ್ತೆ. ಆ ಗುಣ ಸ್ವಲ್ಪವಾದ್ರೂ ಇದ್ರೆ ನಿಮ್ಮ ನಾಲ್ಕು ದಾರಿಯಲ್ಲಿ "ಬಿದ್ದು ಏರಿದ್ದು" ಹೆಚ್ಚು ಸಲ ಬರುತ್ತೆ, ಆಗ ಆ ನಲವತ್ತು ನಿಜವಾದ ಹಣ.

ಕೂಡುಕಳೆ:
ಇದು ಒಳ್ಳೇ ಮಾತು, ನಿಜವಾದ ವಾದ ಇಲ್ಲೇ ಇರೋದು. ಹಾಗೆ ಏಳೋ ಗುಣ ಇದೆ ಅಂತ ನೀವು ನಂಬಿದ್ರೆ ಈ ವಿಧಾನಕ್ಕೆ ಆಧಾರ ಇದೆ. ಆದ್ರೆ ಎಷ್ಟು ದಿನದಲ್ಲಿ ಏಳುತ್ತೆ? ಜಪಾನಿನ ನಿಕೈ 1989ರ ಕೊನೆಯಲ್ಲಿ 38,915ಕ್ಕೆ ಮುಟ್ಟಿತು. 2003ರಲ್ಲಿ 8000ಕ್ಕೂ ಕೆಳಗಿತ್ತು. ಆ ಹಳೇ ಎತ್ತರ ದಾಟಿದ್ದು 2024ರಲ್ಲಿ. ನಡುವೆ ಗುರಿಯ ಗೆರೆ ಮಾತ್ರ ಏರ್ತಾನೇ ಇರುತ್ತೆ, ನೀವು ತುಂಬಿಸ್ತಾನೇ ಇರಬೇಕು.

ಏಕತಾರಿ:
ನಾನು ಇದನ್ನ ನಿಜವಾಗಿ ಮಾಡಿದೋನು, ಅದಕ್ಕೆ ಹೇಳ್ತೀನಿ. ನಂದು ಸಂಬಳ ಅಲ್ಲ, ಕೆಲಸ ಮುಗಿದಾಗ ದುಡ್ಡು ಬರೋದು. ಕೆಲವು ತಿಂಗಳು ಕೈ ತುಂಬಾ, ಕೆಲವು ತಿಂಗಳು ಖಾಲಿ. ಒಂದೇ ಕಂತು ಕಟ್ಟೋದು ನನಗೆ ಆಗದ ಮಾತು, ಹಾಗಾಗಿ ಇದು ಹಿಡಿಸ್ತು. ಮೂರು ತಿಂಗಳಿಗೊಮ್ಮೆ ಕೂತು ಗುರಿ ನೋಡೋದು, ಬಂದ ದುಡ್ಡೆಲ್ಲಾ ಮೊದಲು ಲಿಕ್ವಿಡ್ ಫಂಡಿಗೆ, ಅಲ್ಲಿಂದ ಕೊರತೆ ಇದ್ದಷ್ಟು ಶೇರು ಫಂಡಿಗೆ.

ಮೊದಲ ವರ್ಷಗಳು ಚೆನ್ನಾಗೇ ನಡೀತು. ಹಾಕಬೇಕಾದ ಮೊತ್ತ ಸ್ವಲ್ಪ ಆಚೀಚೆ ಆಗ್ತಿತ್ತು, ಅಷ್ಟೇ. ಹೂಡಿಕೆ ದೊಡ್ಡದಾಗ್ತಾ ಹೋದ ಹಾಗೆ ಆಟ ಬದಲಾಯ್ತು. ಮಾರ್ಕೆಟ್ ಒಂದು ಸಣ್ಣ ಸೀನು ಸೀನಿದ್ರೂ ನನ್ನ ಲಿಕ್ವಿಡ್ ಫಂಡ್ ಪೂರ್ತಿ ಬಳಿದು ಹಾಕಬೇಕು ಅನ್ನೋ ಹಾಗೆ ಶೀಟ್ ಕೇಳೋದು. ಕೆಂಪು ಅಕ್ಷರದಲ್ಲಿ ಬರೋ ಆ ಸಂಖ್ಯೆ ನೋಡಿ, ಆಮೇಲೆ ಶೀಟ್ ತೆಗೆಯೋದನ್ನೇ ಮುಂದೂಡ್ತಿದ್ದೆ.

ಕೂಡುಕಳೆ:
@ಏಕತಾರಿ ಅವರು ಹೇಳಿದ್ದನ್ನ ಸಂಖ್ಯೆಯಲ್ಲಿ ಹಾಕ್ತೀನಿ, ಯಾಕಂದ್ರೆ ಶುರು ಮಾಡೋರು ಮೊದಲ ವರ್ಷದ ಲೆಕ್ಕ ಮಾತ್ರ ಹಾಕ್ತಾರೆ. ಗುರಿ ತಿಂಗಳಿಗೆ 1000. ಈಗ 200ನೇ ತಿಂಗಳು, ಗುರಿ 2 ಲಕ್ಷ, ಹೋದ ತಿಂಗಳು ಇದ್ದಿದ್ದು 1,99,000. ಮಾರ್ಕೆಟ್ ಶೇ 20 ಬಿತ್ತು, ಉಳಿದದ್ದು 1,59,200. ಈ ತಿಂಗಳು ಹಾಕಬೇಕಾದ್ದು 40,800. ಮೂರು ವರ್ಷಕ್ಕೂ ಹೆಚ್ಚಿನ ಕಂತು ಒಂದೇ ಏಟಿಗೆ! ಎರಡನೇ ತಿಂಗಳಲ್ಲಿ ಅಷ್ಟೇ ಬಿದ್ದಿದ್ರೆ ಬರೀ 1200 ಸಾಕಿತ್ತು.

ಅಮೆರಿಕದ ಎಸ್ ಆ್ಯಂಡ್ ಪಿ 500 ಅಕ್ಟೋಬರ್ 2007ರಿಂದ ಮಾರ್ಚ್ 2009ರವರೆಗೆ ಅರ್ಧಕ್ಕಿಂತ ಹೆಚ್ಚು ಕುಸಿಯಿತು. ಒಂದೇ ತಿಂಗಳ ಕಥೆ ಅಲ್ಲ ಅದು, ಹದಿನೇಳು ತಿಂಗಳು. ತುಂಬಿಸಿದ್ದು ಮತ್ತೆ ಕರಗೋದು, ಮತ್ತೆ ತುಂಬಿಸೋದು. ಕೆಲಸ ಹೋಗೋ ಭಯವೂ ಅದೇ ಕಾಲಕ್ಕೇ ಇರುತ್ತೆ.

ಅಂಕಿಗೀಳು:
ಬೀಳೋದು ಬಿಡಿ, ನನಗೆ ಇನ್ನೊಂದು ಹೊಳೀತು. ಅದೇ 200ನೇ ತಿಂಗಳಲ್ಲಿ ಮಾರ್ಕೆಟ್ ಸಾಧಾರಣವಾಗಿ ಶೇ 1 ಏರಿದ್ರೂ 1990 ಆಯ್ತು. ಗುರಿ ಏರೋದು 1000. ಹಾಗಾದ್ರೆ 990 ಮಾರಬೇಕು?! ಏನೂ ವಿಶೇಷ ಆಗದ ತಿಂಗಳಲ್ಲೂ ಮಾರಾಟನಾ?

ಕೂಡುಕಳೆ:
ಹೌದು, ಪ್ರತಿ ತಿಂಗಳು. ಮಾರಿದ್ದಕ್ಕೆ ತೆರಿಗೆ, ಫಂಡಿನ ನಿರ್ಗಮನ ಶುಲ್ಕ ಇದ್ರೆ ಅದೂ ಬೇರೆ. ನೇರವಾದ ಗೆರೆ ಎಳೆದದ್ದರ ಫಲ ಇದು. ಹೂಡಿಕೆ ಬೆಳೆಯೋ ರೀತಿಯಲ್ಲೇ ಗುರಿಯೂ ಬಾಗಿ ಮೇಲೇರಬೇಕು. ಎಡ್ಲ್‌ಸನ್ ಅದಕ್ಕೆ ಒಂದು ಸೂತ್ರ ಕೊಟ್ಟಿದ್ದಾರೆ:

```
V = C × t × (1+R)^t
```

C ಅಂದ್ರೆ ಮೊದಲ ಕಂತು, t ಎಷ್ಟನೇ ತಿಂಗಳು, R ಅಂದ್ರೆ ಫಂಡ್ ಬೆಳೆಯೋ ದರ ಮತ್ತು ಕಂತು ಏರಿಸೋ ದರ ಇವೆರಡರ ಸರಾಸರಿ. ಕೈಲೆಕ್ಕಕ್ಕೆ ಅನುಕೂಲ, ಆದ್ರೆ ಅಂದಾಜಿನ ಸೂತ್ರ. ಫಂಡ್ ತಿಂಗಳಿಗೆ ಶೇ 1, ಕಂತು ಏರಿಸಲ್ಲ ಅಂದ್ರೆ R ಅರ್ಧ ಪರ್ಸೆಂಟ್. ಮಾರ್ಕೆಟ್ ಸರಿಯಾಗಿ ಶೇ 1ರಂತೆಯೇ ಏರಿದ್ರೂ ಈ ಗೆರೆ 100ನೇ ತಿಂಗಳಲ್ಲಿ ಸುಮಾರು 836 ಕೇಳುತ್ತೆ, 150ರಲ್ಲಿ 547, 202ನೇ ತಿಂಗಳಿಗೆ ಸೊನ್ನೆ. ಅಲ್ಲಿಂದಾಚೆ ಇದೂ ಮಾರು ಅನ್ನುತ್ತೆ. ದೀರ್ಘಾವಧಿಗೆ ಇಟ್ಕೊಳ್ಳೋರು ಶೀಟ್‌ನಲ್ಲೇ ಇರೋ ಫಂಕ್ಷನ್ ಬಳಸೋದು ವಾಸಿ:

```
=FV(0.01, A2, -1000)
```

A2ರಲ್ಲಿ ತಿಂಗಳ ಸಂಖ್ಯೆ. ಮಾರ್ಕೆಟ್ ಶೇ 1ರಂತೆ ನಡೆದ್ರೆ ಇದು ಪ್ರತಿ ತಿಂಗಳು ಸರಿಯಾಗಿ 1000 ಮಾತ್ರ ಕೇಳುತ್ತೆ. ಹೆಚ್ಚು ಕಡಿಮೆ ಆದಾಗ ಮಾತ್ರ ಅಲ್ಲಾಡುತ್ತೆ.

ಮೂಲೆಮನೆ:
ಹಾಗಾದ್ರೆ ಸಮಸ್ಯೆ ಮುಗೀತಲ್ಲ?

ಕೂಡುಕಳೆ:
ಸುಮ್ಮಸುಮ್ಮನೆ ಮಾರೋದು ತಪ್ಪಿತು. ಬೀಳುವಾಗಿನ ಏಟು ಇನ್ನೂ ಜೋರಾಯ್ತು. ಈ ಬಾಗಿದ ಗೆರೆಯಲ್ಲಿ 200ನೇ ತಿಂಗಳ ಗುರಿ ಸುಮಾರು 6,31,600. ಅಲ್ಲಿ ಶೇ 20 ಬಿದ್ರೆ ಹಾಕಬೇಕಾದ್ದು ಸುಮಾರು 1.32 ಲಕ್ಷ. ಜೊತೆಗೆ ಶೇ 1 ಅನ್ನೋದು ನೀವು ಊಹಿಸಿದ ದರ. ಹೆಚ್ಚು ಊಹಿಸಿದ್ರೆ ಜೀವನಪೂರ್ತಿ ಹಿಂದೆ ಬಿದ್ದಿರ್ತೀರಿ, ಕಡಿಮೆ ಊಹಿಸಿದ್ರೆ ಮತ್ತೆ ಮಾರಾಟ. ಕಂತಿನಲ್ಲಿ ಇಂಥದ್ದೇನೂ ಊಹಿಸೋ ಹಾಗಿಲ್ಲ.

ಬೆಳ್ಳಿಗೆರೆ:
ಮಧ್ಯೆ ಬಾಯಿ ಹಾಕ್ತಿದ್ದೀನಿ, ಕಂತಿಗೆ 5ನೇ ತಾರೀಖು ಒಳ್ಳೇದಾ 25 ಒಳ್ಳೇದಾ? ತಿಂಗಳ ಕೊನೆಗೆ ಮಾರ್ಕೆಟ್ ಬೀಳುತ್ತೆ ಅಂತಾರೆ.

ಮೂಲೆಮನೆ:
@ಬೆಳ್ಳಿಗೆರೆ ದುಡ್ಡು ಖಾತೆಗೆ ಬಂದ ಮಾರನೇ ದಿನ.

ಬೆಳ್ಳಿಗೆರೆ:
ಅಷ್ಟೇನಾ 😄

ಗಟ್ಟಿಹೆಜ್ಜೆ:
ಮಿತಿ ಹಾಕಿದ್ರೆ ಆಯ್ತು. ಎಷ್ಟೇ ಬೀಳಲಿ ಕಂತಿನ ಎರಡರಷ್ಟಕ್ಕಿಂತ ಹೆಚ್ಚು ಹಾಕಲ್ಲ, ಎಷ್ಟೇ ಏರಲಿ ಮಾರಲ್ಲ. ನಾನು ಮಾಡೋದು ಹೀಗೇ.

ಏಕತಾರಿ:
ನಾನೂ ಕೊನೆಗೆ ಅಲ್ಲಿಗೇ ಬಂದೆ. ಆದ್ರೆ ಹೂಡಿಕೆ ದೊಡ್ಡದಾದ ಮೇಲೆ ಆ ಮಿತಿ ಯಾವಾಗ್ಲೂ ತಗಲ್ತಾನೇ ಇರುತ್ತೆ. ಸ್ವಲ್ಪ ಬಿದ್ರೆ ತಿಂಗಳುಗಟ್ಟಲೆ 2000, 2000, 2000. ಸ್ವಲ್ಪ ಏರಿದ್ರೆ ಸೊನ್ನೆ, ಸೊನ್ನೆ, ಸೊನ್ನೆ. ನಡುವಿನ ಸಂಖ್ಯೆ ಬರೋದೇ ಅಪರೂಪ. ಆಮೇಲಾಮೇಲೆ ಅದು ಎರಡೇ ಗುಂಡಿ ಇರೋ ಸ್ವಿಚ್ಚು, ವ್ಯಾಲ್ಯೂ ಆವರೇಜಿಂಗ್ ಅನ್ನೋಕೆ ಏನೂ ಉಳಿದಿಲ್ಲ.

ಗಟ್ಟಿಹೆಜ್ಜೆ:
ಆದ್ರೂ ಬಿದ್ದಾಗ ಎರಡರಷ್ಟು ಹಾಕೋ ಶಿಸ್ತು ಬಂತಲ್ಲ. ಕಂತಿನೋರಲ್ಲಿ ಎಷ್ಟು ಜನ ಬಿದ್ದಾಗ ನಿಲ್ಲಿಸಿಬಿಡ್ತಾರೆ ಗೊತ್ತಾ?

ಏಕತಾರಿ:
ಸಾವಿರ ಹಾಕೋಕೆ ಹೆದರೋನು ನಲವತ್ತು ಸಾವಿರ ಹಾಕ್ತಾನಾ ಸ್ವಾಮಿ?

ಗಟ್ಟಿಹೆಜ್ಜೆ:
ಎರಡು ಸಾವಿರ ಅಂದೆ, ನಲವತ್ತಲ್ಲ.

ಅಂಕಿಗೀಳು:
ಜಗಳ ಬೇಡ. ನನ್ನ ಪ್ರಶ್ನೆ ಈಗ ಆ ಪಕ್ಕದ ಹಣದ ಬಗ್ಗೆ. ಕುಸಿತಕ್ಕೆ ಅಂತ ಲಿಕ್ವಿಡ್ ಫಂಡಿನಲ್ಲಿ ಎಷ್ಟು ಇಟ್ಟಿರಬೇಕು? ಒಂದು ವರ್ಷದ ಕಂತು ಸಾಕಾ?

ಕೂಡುಕಳೆ:
ಮೊದಲ ಎರಡು ಮೂರು ವರ್ಷಕ್ಕೆ ಸಾಕು. ಆಮೇಲೆ ಕಂತಿನ ಲೆಕ್ಕದಲ್ಲಿ ಅಳೆಯೋದನ್ನ ಬಿಟ್ಟು ಹೂಡಿಕೆಯ ಶೇಕಡಾ ಲೆಕ್ಕದಲ್ಲಿ ಅಳೀಬೇಕು. ಶೇ 30 ಕುಸಿತ ತಡ್ಕೋಬೇಕು ಅಂದ್ರೆ ಶೇರು ಫಂಡಿನಲ್ಲಿ ಇರೋದರ ಶೇ 30ರಷ್ಟು ಪಕ್ಕದಲ್ಲಿ ಇರಬೇಕು, ಅದೂ ಒಂದೇ ಸಲದ ಕುಸಿತಕ್ಕೆ. ಅದನ್ನ ವಿಧಾನದ ಭಾಗ ಅಂತ ಹಿಡಿದ್ರೆ, ಅದರ ಕಡಿಮೆ ಬಡ್ಡಿಯೂ ನಿಮ್ಮ ಪ್ರತಿಫಲದ ಲೆಕ್ಕಕ್ಕೆ ಬರಬೇಕು. ಹೋಲಿಸುವಾಗ ಫಂಡ್, ಪಕ್ಕದ ಹಣ ಎರಡನ್ನೂ ಕೂಡಿ, ಎರಡೂ ವಿಧಾನಕ್ಕೆ ಒಂದೇ ಆದಾಯ ಕೊಟ್ಟು, ಕೊನೆಯ ದಿನದ ಒಟ್ಟು ಮೊತ್ತ ನೋಡಿ. `XIRR` ಬೇಕಿದ್ರೆ ಆ ಒಟ್ಟಿಗೆ ಹಾಕಿ, ಶೇರು ಫಂಡಿಗೆ ಮಾತ್ರ ಹಾಕಬೇಡಿ.

ನೀಲಿಶಾಯಿ:
ಇಷ್ಟು ಹೊತ್ತು ಓದ್ತಾ ಇದ್ದೆ. ಶೇರಿನಲ್ಲಿ ಇಷ್ಟು ಪಾಲು, ಪಕ್ಕದಲ್ಲಿ ಇಷ್ಟು ಪಾಲು, ಬಿದ್ರೆ ಪಕ್ಕದಿಂದ ಶೇರಿಗೆ, ಏರಿದ್ರೆ ಶೇರಿನಿಂದ ಪಕ್ಕಕ್ಕೆ. ಇದು ಸಾಮಾನ್ಯ ರೀಬ್ಯಾಲೆನ್ಸಿಂಗೇ ಅಲ್ವಾ? 70ಕ್ಕೆ 30 ಅಂತ ಇಟ್ಟು ವರ್ಷಕ್ಕೊಮ್ಮೆ ಸರಿ ಮಾಡಿದ್ರೆ ಇದೇ ಕೆಲಸ ಆಗುತ್ತೆ. ಕುಸಿತ ಬಂದಾಗ ಕೇಳೋ ಹಣ ಯಾವತ್ತೂ ಕೈಯಲ್ಲಿ ಇರೋದಕ್ಕಿಂತ ಜಾಸ್ತಿ ಆಗಲ್ಲ.

ಕೂಡುಕಳೆ:
ಹತ್ತಿರದ ನೆಂಟರು. ವ್ಯತ್ಯಾಸ ಏನಂದ್ರೆ ಅಲ್ಲಿ ಗುರಿ ಪಾಲಿನ ಲೆಕ್ಕದ್ದು, ಮಾರ್ಕೆಟ್ ಜೊತೆಗೇ ಇಳಿಯುತ್ತೆ. ಇಲ್ಲಿ ಗುರಿ ಹಣದ ಲೆಕ್ಕದ್ದು, ಮಾರ್ಕೆಟ್ ಏನಾದ್ರೂ ಅಲ್ಲೇ ನಿಂತಿರುತ್ತೆ. ನನಗೆ ಕೇಳಿದ್ರೆ ಹೂಡಿಕೆ ಚಿಕ್ಕದಿರುವಾಗ ಎರಡೂ ಒಂದೇ, ದೊಡ್ಡದಾದ ಮೇಲೆ ರೀಬ್ಯಾಲೆನ್ಸಿಂಗೇ ಮೇಲು.

ಗಟ್ಟಿಹೆಜ್ಜೆ:
ಒಪ್ಪಲ್ಲ. ನಿರ್ದಿಷ್ಟ ವರ್ಷಕ್ಕೆ ನಿರ್ದಿಷ್ಟ ಮೊತ್ತ ಬೇಕು ಅನ್ನೋರಿಗೆ ಹಣದ ಗುರಿಯೇ ಬೇಕು. ಪಾಲು ಸರಿ ಇದ್ದು ಮೊತ್ತ ಸಾಲದೇ ಹೋದ್ರೆ ಏನು ಮಾಡೋದು?

ನೀಲಿಶಾಯಿ:
ಹಿಂದೆ ಬಿದ್ದಿದ್ದೀವಿ ಅಂತ ಗೊತ್ತಾಗೋಕೆ ಗೆರೆ ಬೇಕು, ಒಪ್ಪಿದೆ. ತುಂಬಿಸೋ ಹಣ ಎಲ್ಲಿಂದ ತರ್ತೀರಿ ಅನ್ನೋದಕ್ಕೆ ಗೆರೆ ಉತ್ತರ ಕೊಡಲ್ಲ.

ಅಂಕಿಗೀಳು:
ಸದ್ಯಕ್ಕೆ ತಿಂಗಳ ಕಂತು ಹಾಗೇ ಇರಲಿ, `FV` ಗೆರೆಯನ್ನ ಪಕ್ಕದ ಕಾಲಂನಲ್ಲಿ ಹಾಕಿ ಎಷ್ಟು ಹಿಂದಿದ್ದೀನಿ ಅಂತ ನೋಡ್ತೀನಿ. ಒಂದು ಅನುಮಾನ: ನನ್ನ ಒಂದು ಫಂಡ್ ಲಾಭಾಂಶವನ್ನ ಖಾತೆಗೆ ಹಾಕುತ್ತೆ. ಅದು ಹೋದ ದಿನ ಯೂನಿಟ್ ಬೆಲೆ ಇಳಿಯುತ್ತೆ, ಶೀಟ್ ಅದನ್ನ ಕುಸಿತ ಅಂದ್ಕೊಳ್ಳಲ್ವಾ?

ಕೂಡುಕಳೆ:
ಅಂದ್ಕೊಳ್ಳುತ್ತೆ. ಬಂದ ಲಾಭಾಂಶವನ್ನ ಆ ತಿಂಗಳು ಹಾಕಬೇಕಾದ ಮೊತ್ತದಲ್ಲಿ ಮೊದಲು ಹಾಕಿ, ಉಳಿದದ್ದು ಮಾತ್ರ ನಿಮ್ಮ ಜೇಬಿನಿಂದ. ಇಲ್ಲಾಂದ್ರೆ ಲಾಭಾಂಶ ಮರುಹೂಡಿಕೆ ಆಗೋ ಆಯ್ಕೆಗೆ ಬದಲಾಯಿಸಿ, ಯೂನಿಟ್ ಸಂಖ್ಯೆಯನ್ನ ಫಂಡಿನ ಸ್ಟೇಟ್‌ಮೆಂಟ್ ನೋಡಿಯೇ ತುಂಬಿ.

ಹುಣಸೆಕೊಂಬೆ:
ನನ್ನ ಕಂಪನಿಗಳೂ ಲಾಭಾಂಶ ಕೊಡ್ತಾವೆ. ಅದಕ್ಕೆ ಬೇರೆ ಎಳೆ ಶುರು ಮಾಡ್ಲಾ?

ಮೂಲೆಮನೆ:
ಮಾಡಿ ಗುರುಗಳೇ, ದಯವಿಟ್ಟು.